ಒಂಬತ್ತನೇ ಪದ್ಯ ಯಾರಿಗೂ ಬೇಡ!

ನನ್ನ ಪದ್ಯ ಹೇಳಿದರೆ ಮಕ್ಕಳಾಗುತ್ತವಂತೆ. ಅದಕ್ಕೇ ಹೋಳೂರಿನ ಹೆಂಗಸರು ಹೇಳಲು ಒಪ್ಪಲಿಲ್ಲ!

ತಪ್ಪು ನನ್ನದಲ್ಲ, ದೊಡ್ಡಮ್ಮನದು. ಹೋಳೂರಿನಲ್ಲಿ ಶುಕ್ರವಾರದ ಭಜನೆ ನಡೆಸುವವರು ಅವರೇ. "ಲೇ ರಾಮು, ಪೇಪರ್‌ಗೆ ಏನೇನೋ ಗೀಚ್ತೀಯ. ನಮ್ಮೂರಮ್ಮನ ಮೇಲೊಂದು ಅಷ್ಟಕ ಬರ್ಕೊಡೋ. ಕನ್ನಡದಲ್ಲಿರ್ಲಿ, ನಮ್ಗೂ ಅರ್ಥ ಆಗ್ಲಿ" ಅಂದರು.

ಎಂಟು ಪದ್ಯ ತಾನೇ ಅಂದುಕೊಂಡೆ. ಮೊದಲು ಪ್ರತಿ ಪದ್ಯಕ್ಕೂ ಕೊನೆಯಾಗುವ ಸಾಲು ಹೊಸೆದೆ: 'ಕಾಯೌ ತಾಯೇ ಹೋಳೂರಮ್ಮಾ.' ನಾಲ್ಕು ಮಾತ್ರೆಯ ನಾಲ್ಕು ಗಣ, ತಾಳಕ್ಕೆ ಕೂರುತ್ತದೆ. ಆಮೇಲೆ ತಿಳಿಯಿತು, ಸಿಕ್ಕಿಬಿದ್ದಿದ್ದೇನೆ! ಆದಿಪ್ರಾಸ ಇಡಬೇಕೆಂದರೆ ನಾಲ್ಕೂ ಸಾಲುಗಳ ಎರಡನೇ ಅಕ್ಷರ ಒಂದೇ ಇರಬೇಕು. ಕೊನೆಯ ಸಾಲು ಬದಲಾಗುವುದಿಲ್ಲ. ಅಂದರೆ ಎಂಟೂ ಪದ್ಯಕ್ಕೆ 'ಯ'ಕಾರವೇ ಗತಿ.

ಮೊದಲನೆಯದು ಸಲೀಸಾಗಿ ಬಂತು:

ಮಾಯೆಯ ಮುಸುಕನು ಸರಿಸುವ ಬೆಳಕೇ
ಛಾಯೆಯ ನೀಡುವ ಹೊಂಗೆಯ ಮರವೇ
ಬಾಯೊಣಗಿದವಗೆ ತಂಪಿನ ಹನಿಯೇ
ಕಾಯೌ ತಾಯೇ ಹೋಳೂರಮ್ಮಾ

ಐದನೆಯದರ ಹೊತ್ತಿಗೆ ಮಾಯೆ, ಛಾಯೆ, ಬಾಯಿ ಎಲ್ಲ ಖಾಲಿ. ಆರನೆಯದರಲ್ಲಿ ನಾಯಿಯೂ ಬಂತು. (ಅಮ್ಮ ಕ್ಷಮಿಸಲಿ.)

ಒಂಬತ್ತನೆಯದು ಫಲಶ್ರುತಿ, ಪಠಿಸಿದವರಿಗೆ ಏನು ಸಿಗುತ್ತದೆಂದು ಹೇಳುವ ಪದ್ಯ. ಅಲ್ಲಿ ಪಲ್ಲವಿಯ ಹಂಗಿಲ್ಲ. 'ತ'ಕಾರ ಹಿಡಿದು, 'ಸುತರನು ಪಡೆವರು ಪಠಿಸುವರೆಲ್ಲರು' ಎಂದು ಬರೆದೆ. ಕವಿಯ ಅಂಕಿತ ಇರುವುದೂ ಅಲ್ಲೇ: 'ಹಿತವನು ರಾಮುವು ಬೇಡುವನಮ್ಮಾ.' ನಿಜ ಹೇಳಲೇ? ಇಡೀ ಅಷ್ಟಕ ಬರೆದದ್ದೇ ಆ ಒಂದು ಸಾಲಿಗಾಗಿ. ವಾರವಾರ ನನ್ನ ಹೆಸರನ್ನು ಊರು ಹಾಡುತ್ತದೆಂದರೆ ಸಣ್ಣ ಮಾತೇ?

ಶುಕ್ರವಾರ ಕೋಲಾರದಿಂದ ಬಸ್ಸು ಹತ್ತಿ ಕೇಳಲು ಹೋದೆ. ಎಂಟು ಪದ್ಯ ಗಣಗಣ ಹಾಡಿದರು. ಎಂಟಕ್ಕೇ ಮಂಗಳಾರತಿ!

"ದೊಡ್ಡಮ್ಮ, ಇನ್ನೊಂದು ಉಳೀತಲ್ಲ?"

"ಅಯ್ಯೋ ದೇವುಡಾ, ಅದ್ಯಾರು ಹೇಳ್ತಾರೋ? ಮುನಿರತ್ನಮ್ಮಂಗೆ ಈಗ್ಲೇ ಐದು ಮಕ್ಳು. ಕೋಲಾರಕ್ಕೋಗಿ ಆಪರೇಷನ್ ಮಾಡಿಸ್ಕೊಂಡ್ ಬಂದವ್ಳೆ!"

ಮುನಿರತ್ನಮ್ಮ ಜಾಗಟೆ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು. "ಡಾಕ್ಟ್ರು ಇನ್ನಾಗಲ್ಲ ಅಂದವ್ರೆ. ಅಮ್ಮ ಡಾಕ್ಟ್ರು ಮಾತು ಕೇಳ್ತಾಳೇನಪ್ಪಾ?"



ಹೆಸರು ಉಳಿಯಬೇಕಲ್ಲ! ಜಗಲಿಯಲ್ಲೇ ಕೂತು ಪ್ರಾಸ ಕೆಡದಂತೆ ಸಾಲು ತಿದ್ದಿದೆ: 'ಮಿತಸಂತತಿಯಲಿ ಸುಖಿಸುವರೆಲ್ಲರು.' ಥೇಟ್ ಆರೋಗ್ಯ ಇಲಾಖೆಯ ಗೋಡೆಬರಹ. ಹೆಂಗಸರಿಗೆ ಭಾರಿ ಖುಷಿಯಾಯಿತು. ನಾನೂ ಗೆದ್ದೆನೆಂದು ಕೋಲಾರಕ್ಕೆ ಮರಳಿದೆ.

ಮೊನ್ನೆ ಮತ್ತೆ ಹೋದೆ. ಒಂಬತ್ತನೆಯದನ್ನೂ ಎತ್ತಿಕೊಂಡರು. ನೆಟ್ಟಗೆ ಕೂತು ಕಿವಿ ನಿಮಿರಿಸಿದೆ.

'ಹಿತವನು ಹಾಲನು ಬೇಡುವೆವಮ್ಮಾ...'

"ದೊಡ್ಡಮ್ಮಾ, ನನ್ನ ಹೆಸರು?"

"ಹಸುಗ್ಳು ಹಾಲು ಕಮ್ಮಿ ಮಾಡವೆ ಕಣೋ. ಫಲ ಅಂದ್ಮೇಲೆ ಅದೂ ಇರ್ಲಿ ಅಂತ ಸೇರಿಸಿದ್ವಿ. ನಿನ್ ಹೆಸರಿನ ಜಾಗಕ್ಕೆ ಸರಿಯಾಗಿ ಕೂತ್ಕೊಂತು ನೋಡು!"

ಬೆರಳು ಮಡಚಿ ಮಾತ್ರೆ ಎಣಿಸಿದೆ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ಸ್ವಾಮೀ, ಎಲ್ಲರಿಗೂ ಫಲ ಹಂಚಿದ ಕವಿಗೆ ಸಿಕ್ಕಿದ್ದಾದರೂ ಏನು, ಒಂದು ಲೋಟ ಕಾಫಿ, ಅದಕ್ಕೂ ಹಾಲಿಲ್ಲ!