ಮೊದಲು, ನಂತರ

ರಂಗಂಪೇಟೆಯ ಫೋಟೋ ಸ್ಟುಡಿಯೋದಲ್ಲಿ ರೇಣುಕಾದೇವಿಯ ಕೆಲಸ ಬೆಳಕು ಬರೆಯುವುದು. ವರನ ಕಡೆಗೆ ಕಳಿಸುವ ಹೆಣ್ಣಿನ ಫೋಟೋ ಬಂದರೆ ಯಾವ ಬೆಳಕು ಬೀಳಬೇಕೆಂದು ಕಂಪ್ಯೂಟರಿನ ಎಐಗೆ ಪ್ರಾಂಪ್ಟ್ ಬರೆದು ಕೊಡುತ್ತಾಳೆ: ದಟ್ಟ ಕೂದಲಿದ್ದರೆ ಅಂಚು ಹೊಳೆಯುವಂತೆ ಹಿಂದಿನಿಂದ ರಿಮ್ ಲೈಟ್, ಹೊಲದಲ್ಲಿ ನಿಂತಿದ್ದರೆ ಹೊತ್ತು ಮುಳುಗುವಾಗಿನ ಗೋಲ್ಡನ್ ಅವರ್, ಮುಖ ಒರಟಾಗಿದ್ದರೆ ಮೋಡ ಕವಿದ ಹಗಲಿನ ನೆರಳಿಲ್ಲದ ಬೆಳಕು. ಅವಳ ಕೈಯಲ್ಲಿ ಬೆಳಗಿದ ಎಷ್ಟೋ ಹುಡುಗಿಯರು ಗಂಡನ ಮನೆ ಸೇರಿದರು. ಕೆನ್ನೆ ತುಂಬ ಮೊಡವೆಯ ಕುಳಿ ಹೊತ್ತ ಅವಳನ್ನು ನೋಡಲು ಮಾತ್ರ ಒಬ್ಬನೂ ಬರಲಿಲ್ಲ.

ಮಾಲೀಕ ಗುರಣ್ಣನಿಗೆ ಆ ಕುಳಿಗಳೇ ಬಂಡವಾಳವಾದವು. ಅವಳ ಫೋಟೋ ತೆಗೆದು ಹೇಳಿದ, "ಅಂಗಡಿ ಬೋರ್ಡಿಗೆ ಇದರವು ಎರಡು ಬೇಕವ್ವ. ಒಂದಕ್ಕ ಬಾಜೂದಿಂದ ಬಿರುಸು ಬೆಳಕು ಬರಿ, ಕುಣಿ ಎಲ್ಲಾ ಎದ್ದು ಕಾಣ್ಲಿ. ಇನ್ನೊಂದಕ್ಕ ಮುಂದ ದೊಡ್ಡ ಸಾಫ್ಟ್‌ಬಾಕ್ಸ್ ಇಡು, ಮೆತ್ತನ ಬೆಳಕಿಗೆ ಕುಣಿ ಮುಚ್ಚಿ ಹೋಗ್ಲಿ."

ಬರೆದಳು. ಮೊದಲನೆಯದರಲ್ಲಿ ಪ್ರತಿ ಕುಳಿಯಲ್ಲೂ ನೆರಳು ತುಂಬಿತು. ಎರಡನೆಯದರಲ್ಲಿ ಕೆನ್ನೆ ಬೆಣ್ಣೆಯಾಯಿತು. ಬಾಗಿಲ ಮೇಲೆ ಬೋರ್ಡು ಏರಿತು: ಮೊದಲು, ನಂತರ.

ಮಗನಿಗೆ ಹೆಣ್ಣು ಹುಡುಕುತ್ತಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಒಳಗೆ ಬಂದಳು. "ಬೋರ್ಡಿನ್ಯಾಗಿನ ಆ ಚೆಂದನ ಹುಡುಗಿ ಯಾರ ಮಗಳ್ರಿ? ನಮ್ಮ ಹುಡುಗಗ ಕೇಳೋಣಂತ."

ಗುರಣ್ಣ ರೇಣುಕಾದೇವಿಯತ್ತ ಬೆರಳು ಮಾಡಿದ. ಅವಳು ತಲೆ ಎತ್ತಿದಳು. ಪಕ್ಕದ ಕಿಟಕಿಯ ಬಿಸಿಲು ಕೆನ್ನೆಗೆ ಅಡ್ಡ ಬಿದ್ದಿತ್ತು.

ಹೆಂಗಸು ಅವಳನ್ನೇ ನೋಡುತ್ತ ಹೇಳಿದಳು, "ಈಕಿ ಅಲ್ರೀ. ಆಕಿ."