ಮಾಸ್ತರು ನಮ್ಮ ಮನೆಯ ಹೊಗೆ ನೋಡಲು ಬಂದದ್ದು

ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಸಂಘ ಅಂತ ಒಂದಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ, ಗಂಧಕದ ವಾಸನೆ ಹೊಡೆಯುವ ಪ್ರಯೋಗದ ಕೋಣೆಯಲ್ಲಿ ನಾವು ಕೆಲವು ಹುಡುಗರು ಕೂಡುತ್ತಿದ್ದೆವು. ವಿಜ್ಞಾನದ ಮೇಲಿನ ಪ್ರೀತಿಗಿಂತ, ಅಷ್ಟು ಹೊತ್ತು ಮನೆಗೆಲಸ ತಪ್ಪುತ್ತದೆ ಎಂಬ ಪ್ರೀತಿ ನನಗೆ ಹೆಚ್ಚಾಗಿತ್ತು. ಇದು ಮೊದಲನೆಯ ತಪ್ಪೊಪ್ಪಿಗೆ. ದೊಡ್ಡದು ಮುಂದಿದೆ.

ಆಷಾಢದ ಗಾಳಿ ಕಿಟಕಿ ಬಡಿಯುತ್ತಿದ್ದ ಒಂದು ಶನಿವಾರ ವಿಜ್ಞಾನದ ಮಾಸ್ತರು ಭಾಷಣಕ್ಕೆ ನಿಂತರು. ರುಮಾಲು ತೆಗೆದು ಮೇಜಿನ ಮೇಲಿಟ್ಟರೆಂದರೆ ಭಾಷಣ ಉದ್ದವಾಗುತ್ತದೆ ಎಂದು ನಮಗೆ ಗೊತ್ತು. ವರ್ಷದ ಕೊನೆಗೆ ಪ್ರತಿಯೊಬ್ಬನೂ ಒಂದು ಪ್ರಯೋಗ ಮಾಡಿ ತೋರಿಸಬೇಕಿತ್ತು. ಏನು ಮಾಡುತ್ತೀರಿ ಎಂದು ಅವರು ಕೇಳಿದ್ದಕ್ಕೆ ಒಬ್ಬ ವಿಮಾನ ಎಂದ, ಇನ್ನೊಬ್ಬ ಟೆಲಿಫೋನ್ ಎಂದ. ನಾನು ಬಿಡುತ್ತೇನೆಯೇ? ಕರೆಂಟಿನ ಮೋಟಾರು ಎಂದೆ. ನಮ್ಮ ಓಣಿಗೆ ಆಗ ಕರೆಂಟಿನ ತಂತಿ ಬಂದಿರಲಿಲ್ಲ.

"ಛಲೋ ಆತು," ಎಂದರು ಮಾಸ್ತರು. "ವಿಮಾನ ಇಳಸಾಕ ನಿಮ್ಮ ಹಿತ್ತಲದಾಗ ಜಾಗಾ ಐತೇನೋ? ಅಲ್ರಲೇ, ಅಷ್ಟು ದೂರ ಯಾಕ ಹೊಂಟೀರಿ? ನಿಮ್ಮವ್ವ ದಿನಾ ಯಾವುದಕ್ಕ 'ಇದೊಂದು ಹಾಳಾಗಿ ಹೋಗ್ಲಿ' ಅಂತಾಳ, ಅದನ್ನ ಕೇಳ್ರಿ. ಅಲ್ಲೇ ಕುಂತೈತಿ ನಿಮ್ಮ ಪ್ರಯೋಗ."

ನನ್ನ ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ, "ನಮ್ಮವ್ವ ನನಗ ಅಂತಾಳ್ರೀ ಸರ," ಎಂದ. ಅವನ ಅಪ್ಪ ಹಳೇ ಹುಬ್ಬಳ್ಳಿಯಲ್ಲಿ ಸೀಮೆಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಚಿಮಣಿ ದೀಪ, ಲಾಳಿಕೆ ಮಾಡುತ್ತಿದ್ದ. ಎಲ್ಲರೂ ನಕ್ಕರು. ಮಾಸ್ತರೂ ನಕ್ಕು, "ಹಂಗಾದ್ರ ನಿನ್ನ ಮ್ಯಾಲೇ ಪ್ರಯೋಗ ಮಾಡೋಣಂತ," ಎಂದರು.

ಆಮೇಲೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ತೊಂದರೆ ಕಂಡ ಕೂಡಲೇ ಉಪಾಯ ಹುಡುಕಬೇಡಿ, ಮೊದಲು ಸುಮ್ಮನೆ ನೋಡಿ. ಅದು ಯಾವಾಗ ಆಗುತ್ತದೆ, ಅದಕ್ಕಿಂತ ಮುಖ್ಯವಾಗಿ ಯಾವಾಗ ಆಗುವುದಿಲ್ಲ? ತೊಂದರೆ ಯಾರಿಗೆ? ಅವರು ಈಗ ಹೇಗೆ ಸಂಭಾಳಿಸುತ್ತಾರೆ? ಇದೆಲ್ಲ ಗೊತ್ತಾದ ಮೇಲೆ ಒಂದನ್ನು ಬದಲಿಸಿ ನೋಡಿ. ಒಂದೇ. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತೋ ದೇವರಿಗೂ ತಿಳಿಯುವುದಿಲ್ಲ.

ನನಗೆ ಹುಡುಕುವ ಶ್ರಮವೇ ಬೀಳಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಹೊಗೆಯಿತ್ತು. ಮುಂದಿನ ಶನಿವಾರ ಎದ್ದುನಿಂತು ಹೇಳಿದೆ.

"ಯಾವಾಗ ಬರ್ತೈತಿ?"

"ಯಾವಾಗ್ಲೂ ಬರ್ತೈತ್ರಿ."

"ಯಾವಾಗ್ಲೂ ಅನ್ನಾವ ಏನೂ ನೋಡಿರೂದಿಲ್ಲ. ಹೋಗಿ ನೋಡ್ಕೊಂಡು ಬಾ."

ಹೋಗಿ ನೋಡಿದೆ. ಖರೇ ಹೇಳಬೇಕೆಂದರೆ, ಅಲ್ಲಿಯವರೆಗೆ ನಾನು ಅಡಿಗೆಮನೆಗೆ ಹೋಗುತ್ತಿದ್ದದ್ದು ರೊಟ್ಟಿಗಾಗಿ ಮಾತ್ರ. ಬೆಳಿಗ್ಗೆ ಗಾಳಿ ಸುಮ್ಮನಿರುವಾಗ ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ಸಂಜೆ ಪಡುವಣ ಗಾಳಿ ಎದ್ದಾಗ ಮಾತ್ರ ಒಲೆಯ ಪಕ್ಕದ ಕಿಟಕಿಯಿಂದ ನುಗ್ಗಿ, ಹೊಗೆಯನ್ನು ಅವ್ವನ ಮುಖಕ್ಕೆ ಬಡಿಯುತ್ತಿತ್ತು. ಕಟ್ಟಿಗೆ ಹಸಿಯಾಗಿದ್ದರೆ ಇನ್ನೂ ಹೆಚ್ಚು. ಅವಳು ಕಣ್ಣು ಮುಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿ ಮುಚ್ಚಿದರೆ ಹೊಗೆ ಒಳಗೇ ಕಟ್ಟಿಕೊಂಡು ನಿಲ್ಲುತ್ತಿತ್ತು.

ಇದನ್ನು ಕೇಳಿ ಮಾಸ್ತರಿಗೆ ಹಿಗ್ಗಾಯಿತು. "ಬರೂ ಶನಿವಾರ ನಾವೆಲ್ಲಾರೂ ಬಂದು ನೋಡ್ತೇವಿ," ಎಂದುಬಿಟ್ಟರು.

ನಾನು ಓಡಿಬಂದು ಅವ್ವನಿಗೆ ಹೇಳಿದೆ. "ಯವ್ವಾ, ನಮ್ಮ ಹೊಗಿ ನೋಡಾಕ ಮಾಸ್ತರು ಬರ್ತಾರಂತ!"

"ಹೊಗಿ ನೋಡಾಕ? ಅದೇನು ಜಾತ್ರಿ ತೇರೇನೋ ಮಂಗ್ಯಾ?"

ಅವ್ವ ನಗಲಿಲ್ಲ. ಕಾರಣ ನನಗೆ ಗೊತ್ತಿರಬೇಕಿತ್ತು. ಅವಳು ಹೆಬ್ಬಳ್ಳಿ ಎಂಬ ಹಳ್ಳಿಯವಳು. ಮದುವೆಯಾಗಿ ಇಷ್ಟು ವರ್ಷವಾದರೂ ಓಣಿಯ ಹೆಂಗಸರಿಗೆ ಅವಳು ಇನ್ನೂ "ಹಳ್ಳಿಯಾಕಿ". ಆ ಹೆಂಗಸರ ನ್ಯಾಯದಲ್ಲಿ ಅಡಿಗೆಮನೆಯಲ್ಲಿ ಹೊಗೆಯೆದ್ದರೆ ತಪ್ಪು ಕಿಟಕಿಯದೂ ಅಲ್ಲ, ಗಾಳಿಯದೂ ಅಲ್ಲ. ಆ ಮನೆಯವಳಿಗೆ ಒಲೆ ಹೊತ್ತಿಸಲು ಬರುವುದಿಲ್ಲ, ಅಷ್ಟೇ. ಅದಕ್ಕೇ ಅವ್ವ ಸಂಜೆ ಅಡಿಗೆಗೆ ಕೂಡುವ ಮೊದಲು ಮುಂಬಾಗಿಲು ಎಳೆದುಕೊಳ್ಳುತ್ತಿದ್ದಳು. ನಾನು ಹೊಗೆಯನ್ನು ಅಷ್ಟೊಂದು ನೋಡಿದವನು ಆ ಬಾಗಿಲನ್ನು ನೋಡಿರಲಿಲ್ಲ.

ಶನಿವಾರ ಸಂಜೆ ಸಂಘವನ್ನು ಕರೆದುಕೊಂಡು ಮನೆ ಹೊಕ್ಕಾಗ ನನಗೆ ನಮ್ಮ ಮನೆಯ ಗುರುತೇ ಸಿಗಲಿಲ್ಲ. ಮಸಿ ಹಿಡಿದಿದ್ದ ಗೋಡೆಗೆ ಸುಣ್ಣ. ನೆಲಕ್ಕೆ ಹೊಸ ಸಗಣಿ ಸಾರಣೆ. ಒಲೆ ತಣ್ಣಗೆ ಕುಳಿತು, ಮೇಲೆ ರಂಗೋಲಿ ಹಾಕಿಸಿಕೊಂಡಿತ್ತು. ಮೂಲೆಯಲ್ಲಿ ನೆರೆಮನೆಯಿಂದ ತಂದ ಇದ್ದಲಿ ಸಿಗಡಿ, ಅದರ ಮೇಲೆ ಸಣ್ಣ ಪಾತ್ರೆ. ಒಂದು ಎಳೆ ಹೊಗೆ ಇಲ್ಲ.

ಗೆಳೆಯ ನನ್ನ ಕಿವಿಯಲ್ಲಿ, "ಲೇ ದೋಸ್ತಾ, ನಿಮ್ಮ ಹೊಗಿ ಎಲ್ಲೆ? ಊರಿಗೆ ಹೋಗೇತೇನು?" ಎಂದ.

ಮಾಸ್ತರು ಸುತ್ತಲೂ ನೋಡಿ ಕೈಮುಗಿದರು. "ತಾಯೀ, ನಿಮ್ಮನ್ಯಾಗ ಹೊಗಿ ಭಾಳ ಅಂತ ಹುಡುಗ ಹೇಳಿದ್ದ."

ಅವ್ವ ಸೆರಗು ಸರಿಮಾಡಿಕೊಂಡು, "ಇಲ್ರಿ ಮಾಸ್ತರ. ನಮ್ಮನ್ಯಾಗ ಎಲ್ಲಿ ಹೊಗೀರಿ? ಹುಡುಗಬುದ್ಧಿ, ಏನೋ ಹೇಳ್ಯಾನ," ಎಂದಳು.

ಹುಡುಗರೆಲ್ಲ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದುಬಿಟ್ಟಿತು: "ಸುಳ್ಳ್ರಿ ಸರ! ನಮ್ಮವ್ವ ಸುಳ್ಳು ಹೇಳಾಕತ್ತಾಳ!"

ಅವ್ವ ಸಿಗಡಿಯ ಮುಂದೆ ಕುಳಿತು ಇಲ್ಲದ ಕೆಲಸ ಮಾಡತೊಡಗಿದಳು. ಮಾಸ್ತರು ನನ್ನನ್ನು ಬಯ್ಯಲಿಲ್ಲ. "ತೊಂದರಿ ಯಾರದೋ ಅವರು ಇಲ್ಲಂದ್ರ, ಅದು ನಮ್ಮ ಪ್ರಯೋಗ ಅಲ್ಲ. ನಡೀರಿ ಹೋಗೋಣ," ಎಂದು ಹೊರಟರು.

ಆಗ ಅವ್ವನಿಗೆ ಬೇರೆ ಗಾಬರಿ ಹತ್ತಿತು. "ಅಯ್ಯ! ಚಹಾ ಕುಡೀದ ಹೋಗೂದಂದ್ರ ಏನ್ರಿ? ಮೊದಲನೇ ಸಲ ಬಂದೀರಿ. ಕುಂಡ್ರರಿ, ಕುಂಡ್ರರಿ."

ಕುಳಿತೆವು. ಮಾಸ್ತರು ಒಬ್ಬರೇ ಬಂದಾರು ಎಂದು ಅವಳು ತಿಳಿದಿದ್ದಳು. ಜೊತೆಗೆ ಇಷ್ಟು ಹುಡುಗರ ದಂಡು ಬರುತ್ತದೆಂದು ನಾನು ಹೇಳಿರಲಿಲ್ಲ. ಸಿಗಡಿಯ ಮೇಲಿನ ಪಾತ್ರೆ ಒಂದೆರಡು ಬಟ್ಟಲಿಗೆ ಸಾಲುವಂಥದು. ಇದ್ದಲಿಯೋ, ಬೂದಿಯಾಗುತ್ತ ಬಂದಿತ್ತು. ಅವ್ವ ಸಿಗಡಿ ನೋಡಿದಳು, ನಮ್ಮನ್ನು ನೋಡಿದಳು, ಒಲೆಯನ್ನು ನೋಡಿದಳು. ಬಂದವರನ್ನು ಚಹಾ ಇಲ್ಲದೆ ಕಳಿಸುವುದೋ, ಹೊಗೆ ತೋರಿಸುವುದೋ? ರಂಗೋಲಿಯನ್ನು ಕೈಯಿಂದ ಒರೆಸಿ ದೊಡ್ಡ ಪಾತ್ರೆ ಏರಿಸಿದಳು. ಕಟ್ಟಿಗೆ ಹಚ್ಚಿದಳು.

ಹೊರಗೆ ಗಾಳಿ ಎದ್ದಿತ್ತು. ಕಟ್ಟಿಗೆ ಹಸಿಯಾಗಿತ್ತು. ನೀರು ಬಿಸಿಯಾಗುವ ಮೊದಲೇ ಸುಣ್ಣದ ಗೋಡೆ ಕಾಣದಾಯಿತು. ಮೊದಲು ಗೆಳೆಯ ಕೆಮ್ಮಿದ, ಆಮೇಲೆ ಇಡೀ ಸಂಘ ಕೆಮ್ಮಿತು. ಮಾಸ್ತರು ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ, "ಇಲ್ರಿ ತಾಯಿ, ಖರೇನ ನಿಮ್ಮನ್ಯಾಗ ಹೊಗಿ ಇಲ್ಲ," ಎಂದರು.

ಹೊಗೆಯೊಳಗಿಂದ ಅವ್ವ ನಕ್ಕದ್ದು ಕೇಳಿಸಿತು. "ಸಾಕ್ ಬಿಡ್ರಿ ಮಾಸ್ತರ, ನೋಡ್ರಿನ್ನ. ಆದ್ರ ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ."

ಮಾಸ್ತರು ಒಂದು ಊದಿನಕಡ್ಡಿ ಕೇಳಿದರು. ಅದನ್ನು ಕಿಟಕಿಯ ಹತ್ತಿರ ಹಿಡಿದರೆ ಅದರ ಹೊಗೆ ನೇರ ಒಲೆಯ ಬಾಯಿಗೆ ಬಾಗಿತು, ಬೆಳಕಿಂಡಿಯ ಕೆಳಗೆ ಹಿಡಿದರೆ ಮೇಲಕ್ಕೆ ಏರಿತು. ಗಾಳಿಯ ದಾರಿ ಕಣ್ಣಿಗೇ ಕಾಣಿಸಿತು. ಒಳಗೆ ಗಾಳಿ ಬೇಕು, ಆದರೆ ಒಲೆಯ ಮೇಲೆ ಬೀಳಬಾರದು. ಗೆಳೆಯ ಮರುದಿನ ಅಪ್ಪನ ಅಂಗಡಿಯಿಂದ ಕತ್ತರಿಸಿ ಚಪ್ಪಟೆ ಮಾಡಿದ ಡಬ್ಬಿಯ ತಗಡು ತಂದ. ಕಟ್ಟಿಗೆ ಅದೇ ರಾಶಿಯದು, ಕಿಟಕಿ ತೆರೆದೇ ಇತ್ತು, ಸಂಜೆಯ ಅದೇ ಗಾಳಿ. ಕಿಟಕಿಗೂ ಒಲೆಗೂ ನಡುವೆ ತಗಡು ನಿಲ್ಲಿಸಿದ್ದಷ್ಟೇ ಹೊಸದು. ಹೊಗೆ ಪೂರ್ತಿ ಹೋಗಲಿಲ್ಲ, ಆದರೆ ಬಹಳಷ್ಟು ಮೇಲೆ ಹೋಯಿತು. ತಗಡು ತೆಗೆದರೆ ಮುಖಕ್ಕೆ ಬಂತು, ಇಟ್ಟರೆ ಏರಿತು. ಒಂದೇ ದಿನ ನೋಡಿ ನಂಬಬೇಡ ಎಂದು ಮಾಸ್ತರು ಹೇಳಿದ್ದರಿಂದ ಕೆಲವು ಸಂಜೆ ಹಾಗೇ ಮಾಡಿ ನೋಡಿದೆ. ಅವ್ವ ಕಣ್ಣು ತೆರೆದು ರೊಟ್ಟಿ ಬಡಿದಳು. "ಇಷ್ಟು ದಿನ ರೊಟ್ಟಿ ಯಾವ ಆಕಾರದಾಗ ಮಾಡ್ತಿದ್ನೋ ಏನೋ," ಎಂದಳು.

ವರ್ಷದ ಕೊನೆಯ ಸಭೆಗೆ ಹುಡುಗರ ತಂದೆಯರೂ ಅಣ್ಣಂದಿರೂ ಬಂದಿದ್ದರು. ನನಗೆ ಅವ್ವ ಒಂದೇ ಮಾತು ಹೇಳಿ ಕಳಿಸಿದ್ದಳು: "ಒಬ್ಬರ ಮನಿ ಅನ್ನು. ನಮ್ಮ ಮನಿ ಅನ್ನಬ್ಯಾಡ." ನಾನು ಹೂಂ ಎಂದಿದ್ದೆ. ಎದ್ದು ನಿಂತು "ಒಬ್ಬರ ಮನೆಯಲ್ಲಿ" ಎಂದೇ ಶುರುಮಾಡಿದೆ. ಅಲ್ಲಿ ಚಹಾ ಕುಡಿದಿದ್ದ ಹುಡುಗರು ಮುಸಿಮುಸಿ ನಕ್ಕರೂ ಬಾಯಿ ಬಿಡಲಿಲ್ಲ. ಊದಿನಕಡ್ಡಿಯ ಮಾತಿಗೆ ಚಪ್ಪಾಳೆ ಬಿತ್ತು. ತಗಡಿನ ಮಾತಿಗೆ ಇನ್ನೂ ಜೋರು. ಚಪ್ಪಾಳೆ ಎಂಬುದು ತಲೆಗೆ ಏರುವಷ್ಟು ಸಲೀಸಾಗಿ ಹೊಗೆಯೂ ಏರುವುದಿಲ್ಲ. "ನಮ್ಮವ್ವನ ಕಣ್ಣು ಹೊಗಿಯಿಂದ ಕೆಂಪಾಗ್ತಿದ್ವು, ನಾನು ಅದನ್ನ ನಿಲ್ಲಿಸಿದೆ!" ಎಂದು ಮುಗಿಸಿದೆ. ತಗಡು ತಂದ ಗೆಳೆಯನ ಹೆಸರನ್ನೂ ಹೇಳಲಿಲ್ಲ. ಅವನು ಸಾಲಿನಿಂದಲೇ, "ಹೌದ್ ಬಿಡಪಾ, ತಗಡು ತಾನ ನಡಕೊಂಡು ಬಂದಿತ್ತು," ಎಂದ.

ನಾನು ದುರ್ಗದಬೈಲಿನ ಪೇಟೆಯಲ್ಲಿ ಸುತ್ತಿ ಮನೆ ಸೇರುವ ಹೊತ್ತಿಗೆ ನನ್ನ ಭಾಷಣ ಮೊದಲೇ ಓಣಿ ಸೇರಿತ್ತು. ಅವ್ವ ನನ್ನ ಕಡೆ ನೋಡದೆ ಹಿಟ್ಟು ನಾದತೊಡಗಿದಳು. ಸಂಜೆ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಹಿಟ್ಟು ಕೇಳುವ ನೆಪದಲ್ಲಿ ಬಂದಳು. "ಏನವಾ ಹೆಬ್ಬಳ್ಳಿಯಾಕಿ, ನಿಮ್ಮನ್ಯಾಗ ಹೊಗಿಗೆ ಮಗ ಔಷಧ ಹಚ್ಯಾನಂತ?"

ಅವಳ ದನಿ ಕೇಳಿದ ಕೂಡಲೇ ಅವ್ವ ತಗಡನ್ನು ತೆಗೆದು ಹಿತ್ತಲ ಬಾಗಿಲ ಹಿಂದೆ ಸರಿಸಿದ್ದಳು. "ಎಲ್ಲಿ ಹೊಗಿ? ನೋಡ ಬಾ," ಎಂದಳು. ಕಾಕು ನೋಡುತ್ತ ನಿಂತಳು, ಹೋಗಲೇ ಇಲ್ಲ. ಗಾಳಿ ಬಂತು. ಹೊಗೆ ಬಂತು. ಅವ್ವ ಒಂದು ಸಲವೂ ಕೆಮ್ಮದೆ ನಗುನಗುತ್ತ ಮಾತಾಡಿದಳು, ಕಣ್ಣಿಂದ ನೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ.

ಆಮೇಲೆ ಇದೇ ನಡೆಯಿತು. ಔಷಧ ಕಂಡರೆ ರೋಗ ಒಪ್ಪಿಕೊಂಡಂತೆ ಎಂದು, ಯಾರಾದರೂ ಬಂದ ಸಪ್ಪಳವಾದರೆ ತಗಡು ಬಾಗಿಲ ಹಿಂದೆ ಹೋಗುತ್ತಿತ್ತು. ನನ್ನ ಭಾಷಣದ ದೆಸೆಯಿಂದ ಬರುವವರೂ ಹೆಚ್ಚಾದರು. ಮಾಸ್ತರು ನನ್ನ ಬೆನ್ನು ತಟ್ಟಿದ್ದರು. ಆ ಬೆನ್ನು ಹೊತ್ತುಕೊಂಡು ನಾನು ಪಡಸಾಲೆಯಲ್ಲಿ ಕುಳಿತು, ಒಳಗೆ ಅವ್ವ ಮೂಗು ಸೀಟುವುದನ್ನು ಕೇಳುತ್ತಿದ್ದೆ.

ಒಂದು ಸಂಜೆ ತಡೆಯಲಾಗಲಿಲ್ಲ. ಕಾಕು ಹೋದ ಮೇಲೆ ಒಳಗೆ ಹೋಗಿ, "ಯವ್ವಾ, ನಂದು ತಪ್ಪಾತು," ಎಂದೆ. ಸಂಘದಲ್ಲಿ ಅಷ್ಟುದ್ದ ಮಾತಾಡಿದವನಿಗೆ ಅಲ್ಲಿ ಬೇರೆ ಮಾತು ಹೊಳೆಯಲಿಲ್ಲ. ತಗಡು ಎತ್ತಿಕೊಂಡು ಬಂದು ಒಲೆಯ ಪಕ್ಕ ನಿಲ್ಲಿಸಲು ಬಗ್ಗಿದೆ.

ಅವ್ವ ಕಣ್ಣು ಮುಚ್ಚಿಕೊಂಡೇ ರೊಟ್ಟಿ ತಿರುವಿ ಹಾಕಿದಳು.

"ಶಾಣ್ಯಾ, ಮೊದಲ ಹೊರಗಿನ ಬಾಗಲಾ ಹಾಕ್ಕೊಂಡು ಬಾ," ಎಂದಳು.