ಸಿಸ್ಟರ್ ಮುಖದ ಮೂರು ನಿಮಿಷ

ಲಕ್ಷ್ಮೀಪುರಂನ ಆ ಮನೆಯಲ್ಲಿ ಮೊದಲ ಕೆಮ್ಮು ಕೇಳಿಸಿದ್ದು ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಗಡಿಯಾರ ಮಂಚದ ಎದುರು ಗೋಡೆಯಲ್ಲೇ ಇತ್ತು. ಮಂಚದ ಮೇಲಿದ್ದವರು ಪಾರ್ಶ್ವವಾಯು ಹೊಡೆದು ಮಲಗಿದ್ದ ಹೆಂಗಸು. ವಯಸ್ಸು ಐವತ್ತೂ ಆಗಿರಲಿಲ್ಲ. ನುಂಗಲಾಗದ್ದರಿಂದ ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ್ದ ಕೊಳವೆಯಲ್ಲೇ ಊಟ. ಅವರನ್ನು ನೋಡಿಕೊಳ್ಳಲು ಉದಯಗಿರಿಯಿಂದ ಬಂದಿದ್ದಾಕೆಗೆ ಅದು ಮೊದಲ ದಿನ. ರೋಗಿಗಳ ಮನೆಗೆ ಆರೈಕೆಯವರನ್ನು ಕಳಿಸುವ ನಮ್ಮ ಕಚೇರಿಯೇ ಆಕೆಯನ್ನು ಕಳಿಸಿತ್ತು. ಮೊದಲ ದಿನ ಹೇಗೆ ನಡೆಯುತ್ತದೆ ನೋಡಿ ಬರುವುದು ನನ್ನ ಕೆಲಸ. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ.

ಆಕೆ ಗಂಜಿ ಸುರಿಯುವುದನ್ನು ತಕ್ಷಣ ನಿಲ್ಲಿಸಿದಳು. ಕೆಮ್ಮು ತಗ್ಗುವವರೆಗೆ ಕಾದಳು. ಆಮೇಲೆ ನಿಧಾನವಾಗಿ, ಒಂದು ಹನಿಯೂ ಚೆಲ್ಲದ ಹಾಗೆ, ಅದೇ ಕೊಳವೆಗೆ ನೀರು ಹಾಕಿದಳು. ಎರಡನೆಯ ಕೆಮ್ಮಿನ ಸದ್ದೇ ಬೇರೆ ಇತ್ತು.

ಆಕೆ ಯಾಕೆ ಹಾಗೆ ಮಾಡಿದಳು ಎಂದು ತಿಳಿಯಬೇಕಾದರೆ ನಮ್ಮ ವೀಡಿಯೋದ ವಿಷಯ ಹೇಳಬೇಕು.

ನಮ್ಮಲ್ಲಿ ಕೆಲಸಕ್ಕೆ ಸೇರುವ ಎಲ್ಲರಿಗೂ ಕಲಿಸುತ್ತಿದ್ದವರು ನಿವೃತ್ತ ನರ್ಸ್ ಒಬ್ಬರು. ಎಲ್ಲರಿಗೂ ಅವರು ಸಿಸ್ಟರ್. ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಅದರ ಮೇಲೆ ರೋಗಿಯ ಬದಲು ಸೀರೆ ಸುತ್ತಿದ ದಿಂಬು. ಒಂದೊಂದು ಹೆಜ್ಜೆ ಹೇಳಿದ ಮೇಲೂ ಅವರು ಸುಮ್ಮನಾಗಿ ಎದುರಿನವರ ಮುಖ ನೋಡುತ್ತಿದ್ದರು. "ಏನಂದೆ ನಾನು? ಹೇಳು ನೋಡೋಣ." ಹೇಳಿ, ಕೈಯಲ್ಲಿ ಮಾಡಿ ತೋರಿಸುವವರೆಗೆ ಮುಂದಿನ ಮಾತಿಲ್ಲ. ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಮೆಟ್ಟಿಲು ಹತ್ತಲಾಗದಿದ್ದಾಗ ಮಾಲೀಕರು ವೀಡಿಯೋ ಮಾಡೋಣ ಎಂದರು. ಕ್ಯಾಮೆರಾ ಬೇಡ, ಸಿಸ್ಟರ್ ಬರುವುದೂ ಬೇಡ, ಫೋಟೋದ ಮುಖವನ್ನೇ ಮಾತಾಡಿಸುವ ಎಐ ಆ್ಯಪ್ ಇದೆ, ಒಂದು ಫೋಟೋ ಸಾಕು.

ಫೋಟೋ ತೆಗೆಯಲು ನಾನೇ ಅವರ ಮನೆಗೆ ಹೋಗಿದ್ದೆ. ನೇರ ನೋಟ, ಮುಚ್ಚಿದ ಬಾಯಿ, ಹೊಳಪು ಹೊಡೆಯದಂತೆ ಕನ್ನಡಕ ತೆಗೆದ ಮುಖ. ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಆ್ಯಪ್‌ನಲ್ಲಿ ಟೈಪ್ ಮಾಡಿದೆ, ಕನ್ನಡದ ಹೆಣ್ಣುದನಿಯೊಂದನ್ನು ಆರಿಸಿದೆ. ಕೆಲವೇ ನಿಮಿಷಗಳಲ್ಲಿ ಸಿಸ್ಟರ್ ಮಾತಾಡಿದರು. "ಮಿ.ಲೀ." ಎಂದಿದ್ದನ್ನು ದನಿ ತುಂಡು ತುಂಡಾಗಿ ಓದಿತು, ಪೂರ್ತಿ ಬರೆದೆ. ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆದೆ. ತಲೆ ಸ್ವಲ್ಪ ಓಲಾಡಿದಾಗ ಓಲೆ ಕಿವಿ ಬಿಟ್ಟು ಕೆನ್ನೆಯ ಕಡೆ ಜಾರುತ್ತಿತ್ತು. ಓಲೆ ಬಿಚ್ಚಿಸಿ ಮತ್ತೆ ಫೋಟೋ ತೆಗೆದೆ. ಸಿಸ್ಟರ್ ಫೋನಿನಲ್ಲಿ ನೋಡಿ ನಕ್ಕರು.

"ಮುಖ ನಂದೇ. ಹಲ್ಲು ಯಾರದು ಕಣಮ್ಮ? ನಂಗೆ ಮುಂದೆ ಒಂದು ಇಲ್ಲ."

"ಬಾಯಿ ಮುಚ್ಚಿದ್ರಲ್ಲ ಸಿಸ್ಟರ್, ಒಳಗಡೇದು ಅದೇ ಊಹೆ ಮಾಡ್ಕೊಳುತ್ತೆ."

"ಪುಕ್ಕಟೆ ಹಲ್ಲು ಕಟ್ಟಿಸ್ಕೊಟ್ಟೆ ಬುಡು. ಕೈ ಎಲ್ಲಿ? ಕೈ ಇಲ್ದೆ ನಾನೇನು ಕಲಿಸಲಿ?"

ಕೈ ಬರುವುದಿಲ್ಲ ಎಂದೆ. ಫೋಟೋ ಎದೆಯವರೆಗೆ ಮಾತ್ರ, ಅಲುಗಾಡುವುದು ತುಟಿ, ಕಣ್ಣು, ಸ್ವಲ್ಪ ತಲೆ. ಅವರು ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, "ಹಾಗಾದ್ರೆ ನಾನು ನಿಲ್ಲಿಸೋ ಕಡೆಯೆಲ್ಲ ನಿಲ್ಲಿಸು. ಅದೊಂದು ಮಾಡು" ಎಂದರು.

ಮಾಡಿದೆ. ಪ್ರತಿ ಹೆಜ್ಜೆಯ ನಂತರ ವಿರಾಮ ಇಟ್ಟೆ. ಆದರೆ ಸಿಸ್ಟರ್ ಸುಮ್ಮನಾದರೆ ಎದುರಿನವರಿಗೆ ಎದೆ ಡವಗುಟ್ಟುತ್ತಿತ್ತು. ಪರದೆಯ ಮುಖ ಸುಮ್ಮನಾದರೆ ಕಣ್ಣು ಮಿಟುಕಿಸುತ್ತಾ ಮುಗುಳ್ನಗುತ್ತಿತ್ತು, ಅಷ್ಟೇ. ಎದುರಿಗೆ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ. ಮಾಲೀಕರು ನೋಡಿ, "ಇದೇನ್ರೀ, ನೆಟ್‌ವರ್ಕ್ ಹೋದಂಗಿದೆ. ಗ್ಯಾಪ್ ತೆಗೀರಿ, ಮೂರು ನಿಮಿಷಕ್ಕೆ ಇಳಿಸಿ" ಎಂದರು. ಗ್ಯಾಪ್ ಹೋಯಿತು. ಮೂರು ನಿಮಿಷ ಚೆನ್ನಾಗಿಯೇ ಕಂಡಿತು. ಎಲ್ಲರೂ ಒಪ್ಪಿದೆವು. ಸಿಸ್ಟರಿಗೆ ಮತ್ತೆ ತೋರಿಸಲಿಲ್ಲ.

ಅದರಲ್ಲಿ ಹೀಗಿತ್ತು: "ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ. ನಂತರ ಐವತ್ತು ಮಿಲಿಲೀಟರ್ ನೀರು ನಿಧಾನವಾಗಿ ಹಾಕಿ." ಮೊದಲನೆಯದು ಅಪಾಯದ ಮಾತು. ಎರಡನೆಯದು ಊಟವೆಲ್ಲ ಸರಿಯಾಗಿ ಮುಗಿದ ಮೇಲೆ ಕೊಳವೆ ತೊಳೆಯುವ ಮಾತು. ಸಿಸ್ಟರ್ ಕಲಿಸುವಾಗ ಇವೆರಡರ ನಡುವೆ ಒಂದು ದೊಡ್ಡ ಮೌನ, ಒಂದು ಪ್ರಶ್ನೆ, ಒಂದು ಉತ್ತರ ಇರುತ್ತಿತ್ತು. ವೀಡಿಯೋದಲ್ಲಿ ಒಂದೇ ನಗು, ಒಂದೇ ದನಿ, ಉಸಿರೂ ಎಳೆಯದೆ ಒಂದರ ಹಿಂದೆ ಒಂದು. ಉದಯಗಿರಿಯಾಕೆ ಅದನ್ನು ಹಲವು ಸಲ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು. ಕೇಳಿದ ಹಾಗೆಯೇ ಮಾಡಿದಳು.

ರೋಗಿಯ ತುಟಿ ನೀಲಿಗೆ ತಿರುಗುತ್ತಿತ್ತು. ಗಂಡ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿ ಬಂದರು. ನಾನು ಸಿಸ್ಟರಿಗೆ ಫೋನ್ ಮಾಡಿ, ಆದದ್ದು ಹೇಳಿ, ಸ್ಪೀಕರ್ ಹಾಕಿದೆ.

"ಕೊಳವೆ ಮಡಚಿ ಹಿಡಿ. ಕೀಳಬೇಡ. ಹಿಡಿದ್ಯಾ? ಹೇಳು."

"ಹಿಡಿದಿದೀನಿ ಸಿಸ್ಟರ್" ಎಂದಳು ಆಕೆ.

"ಬೆನ್ನು ಎತ್ತಿ ಕೂರಿಸಿ, ಇಬ್ಬರು ಹಿಡೀರಿ. ಮುಖ ಪಕ್ಕಕ್ಕೆ. ಬಾಯೊಳಗೆ ಏನಿದೆ? ಬಟ್ಟೇಲಿ ಒರೆಸು. ಆಂಬುಲೆನ್ಸ್ ಕರೆದ್ರಾ?"

ಗಂಡ ಕರೆಯುತ್ತಿದ್ದರು. ಆಂಬುಲೆನ್ಸ್ ಬರುವವರೆಗೂ ಸಿಸ್ಟರ್ ಫೋನ್ ಇಡಲಿಲ್ಲ. ಒಂದೊಂದು ಮಾತಿನ ನಂತರವೂ ಸುಮ್ಮನಾಗಿ ಉತ್ತರಕ್ಕೆ ಕಾಯುತ್ತಿದ್ದರು. ಆ ಮೌನಗಳಲ್ಲಿ ಆ ಹೆಂಗಸಿನ ಗೊರ ಗೊರ ಉಸಿರು ಮಾತ್ರ ಕೇಳಿಸುತ್ತಿತ್ತು.

ಶ್ವಾಸಕೋಶಕ್ಕೆ ಗಂಜಿ ನೀರು ಹೋಗಿದೆ, ಸೋಂಕು ಆಗಬಹುದು, ಈಗಲೇ ಏನೂ ಹೇಳಲಾಗದು ಎಂದರು ಆಸ್ಪತ್ರೆಯಲ್ಲಿ. ಹೊರಗಿನ ಬೆಂಚಿನಲ್ಲಿ ಉದಯಗಿರಿಯಾಕೆ ನನ್ನ ಪಕ್ಕ ಕೂತು ಒಂದೇ ಮಾತು ಹೇಳುತ್ತಿದ್ದಳು. "ಸಿಸ್ಟರ್ ಅಂಗೇ ಯೋಳಿದ್ರು ಅಕ್ಕ. ನಿಲ್ಸು, ಆಮೇಕೆ ನೀರಾಕು ಅಂತ." ಹೌದು ಎಂದೆ.

ಮಾಲೀಕರು ಆಕೆಯನ್ನು ಕೆಲಸದಿಂದ ತೆಗೆಯುವ ಮಾತಾಡಿದರು. ಸಿಸ್ಟರ್ ಊರುಗೋಲು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಕಚೇರಿಗೆ ಬಂದರು. "ನನ್ನ ಮುಖ ಹೇಳಿದ್ದನ್ನ ಅವಳು ಮಾಡಿದ್ಲು. ತೆಗೆಯೋದಾದ್ರೆ ಮೊದ್ಲು ನನ್ನ ಮುಖ ತೆಗೀರಿ ಸಾರ್" ಎಂದರು. ಆಕೆಯ ಕೆಲಸ ಉಳಿಯಿತು, ವೀಡಿಯೋವನ್ನು ಅಂದೇ ತೆಗೆದುಹಾಕಿದೆವು. ಆದರೆ ಅದು ಅಷ್ಟರಲ್ಲಿ ಎಷ್ಟು ಜನರ ಫೋನಿಗೆ ಹೋಗಿತ್ತೋ. ಒಬ್ಬೊಬ್ಬರಿಗೂ ಕರೆ ಮಾಡಿ, ಅಳಿಸಿ ಎಂದು ಹೇಳುತ್ತಾ ಕೂತೆ. ಕೆಲವರು, "ಯಾಕೆ ಮೇಡಂ, ಚೆನ್ನಾಗೈತಲ್ಲ" ಎಂದರು.

ವಿದ್ಯಾರಣ್ಯಪುರಂನ ನನ್ನ ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ. ಅಲ್ಲಿಯವರೆಗೆ ಅದು ನೆಮ್ಮದಿ ಅನ್ನಿಸುತ್ತಿತ್ತು. ಈಗ ಅನ್ನಕ್ಕಿಟ್ಟ ಕುಕ್ಕರ್ ಉಸಿರೆಳೆದರೂ ಎದ್ದು ನಿಲ್ಲುತ್ತಿದ್ದೆ. ಮಹಡಿಯ ಮೇಲೆ ಯಾರಾದರೂ ಕೆಮ್ಮಿದರೆ ಎರಡನೆಯ ಕೆಮ್ಮಿಗೆ ಕಾಯುತ್ತಿದ್ದೆ. ಮಲಗಿದರೆ ಉದಯಗಿರಿಯಾಕೆಯ ಕೈ ನೀರಿನ ಲೋಟಕ್ಕೆ ಹೋಗುವುದು ಕಾಣುತ್ತಿತ್ತು, ನಾನು ಪ್ರತಿ ಸಲವೂ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಯಾರಿಗಾದರೂ ಹೇಳೋಣವೆಂದರೆ ಎಲ್ಲಿಂದ ಶುರು ಮಾಡುವುದು? ಅಮ್ಮನಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ದಿನವೂ ಸಂಜೆ ಆಸ್ಪತ್ರೆಗೆ ಹೋಗಿ ಕೆಳಗೆ ನಿಂತು ಬರುತ್ತಿದ್ದೆ. ಮೇಲೆ ಹೋಗುವ ಧೈರ್ಯವಿರಲಿಲ್ಲ. ಒಂದು ಸಂಜೆ ಆ ಹೆಂಗಸಿನ ಗಂಡ ಚಹಾ ಕುಡಿಯಲು ಇಳಿದು ಬಂದವರು ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ.

"ಜ್ವರ ಇಳಿದಿದೆ. ಆಕ್ಸಿಜನ್ ತೆಗೆದ್ರು ಇವತ್ತು" ಎಂದರು. ಚಹಾ ಮುಗಿಸಿ, "ನಾಳೆ ವಾರ್ಡಿಗೆ ಹಾಕ್ತಾರಂತೆ. ಇಲ್ಲೇ ಯಾಕೆ ನಿಂತಿದೀರಿ, ಬಂದು ನೋಡಿ" ಎಂದರು.

ಹೋದೆ. ಆ ಹೆಂಗಸು ಒರಗಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಯಾರೆಂದು ಅವರಿಗೆ ತಿಳಿದಂತಿರಲಿಲ್ಲ. ಮಂಚದ ಪಕ್ಕ ನಿಂತು ಅವರ ಎದೆ ಏರಿ ಇಳಿಯುವುದನ್ನು ನೋಡಿದೆ. ಆ ಗೊರ ಗೊರ ಸದ್ದು ಇರಲಿಲ್ಲ. ನರ್ಸ್ ಬಂದು ಸಮಯವಾಯಿತು ಎಂದ ಮೇಲೆ ಹೊರಟೆ.

ಅಂದು ಮಂಗಳವಾರ. ಕೋಣೆಗೆ ಬಂದು ಊಟ ಮಾಡದೆ ಮಲಗಿದವಳು, ನಡುವೆ ಒಮ್ಮೆಯೂ ಎಚ್ಚರವಾಗದೆ, ಬುಧವಾರ ಬಿಸಿಲು ಮುಖದ ಮೇಲೆ ಬಿದ್ದಾಗಲೇ ಎದ್ದೆ.